ಆಷಾಢಕ್ಕೆ ಕಾಯದ ವೀಸಾ

ಅಮೆರಿಕದ ಪೌರತ್ವ ಪಡೆದ ಹುಡುಗನಿಗೆ ಹೊಳೆನರಸೀಪುರದ ಕಡೆ ಹೆಣ್ಣು ಗೊತ್ತಾದರೆ, ಮದುವೆಗೆ ಮೊದಲೇ ಆಕೆಯನ್ನು ಕರೆಸಿಕೊಳ್ಳಲು ಕೆ-1 ಎಂಬ ವೀಸಾ ಇದೆ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರಿಗೆ ಈ ದಾರಿ ಇಲ್ಲ. 1970ರಲ್ಲಿ ಶುರುವಾದ ಈ ವೀಸಾದ ಮುಖ್ಯ ಷರತ್ತು, ಅಲ್ಲಿ ಇಳಿದ 90 ದಿನದೊಳಗೆ, ಅರ್ಜಿ ಹಾಕಿದ ಹುಡುಗನನ್ನೇ ಮದುವೆಯಾಗಬೇಕು. ಅವಧಿಯನ್ನು ಮುಂದೂಡಲಾಗದು, ಬೇರೆ ವೀಸಾಕ್ಕೆ ಬದಲಿಸಿಕೊಳ್ಳಲೂ ಆಗದು. ಗಡುವು ಇಟ್ಟದ್ದು ತಪ್ಪಲ್ಲ. ಕಾರಣವಿದ್ದು ತಡವಾದವರನ್ನೂ ವಂಚಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅದರ ಐಬು.

ಹುಡುಗಿ 2025ರ ಮೇ 10ರಂದು ಅಲ್ಲಿ ಇಳಿದಳು ಎಂದಿಟ್ಟುಕೊಳ್ಳಿ. ಐ-94 ದಾಖಲೆಯಲ್ಲಿನ ಅವಧಿ ಆಗಸ್ಟ್ ಮೊದಲ ವಾರ ದಾಟುತ್ತಿದ್ದಂತೆ ಮುಗಿಯುತ್ತದೆ. ಆ ವರ್ಷ ಜೂನ್ 26ರಿಂದ ಜುಲೈ 24ರವರೆಗೆ ಆಷಾಢ. ಹೆಚ್ಚುಕಡಿಮೆ ಒಂದು ತಿಂಗಳು ಅಲ್ಲೇ ಹೋಯಿತು. ಶ್ರಾವಣದ ಮೊದಲ ಮುಹೂರ್ತ ಹಿಡಿದಿರುವಾಗ ಊರಲ್ಲಿ ಅಜ್ಜಿ ತೀರಿಕೊಂಡು ಸೂತಕ ಬಂದರೆ ಲಗ್ನ ಮುಂದೆ ಹೋಗುತ್ತದೆ. ಊರಿಗೆ ಬಂದು ಹೋಗೋಣವೆಂದರೆ ಈ ವೀಸಾದಲ್ಲಿ ಒಳಹೋಗುವುದು ಒಂದೇ ಸಲ. ಗಡುವು ದಾಟಿದ ಮೇಲೆ ಅದೇ ಹುಡುಗನನ್ನು ಮದುವೆಯಾದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ: ಆತ ಹೆಂಡತಿಗಾಗಿ ಐ-130 ಎಂಬ ಹೊಸ ಅರ್ಜಿ ಹಾಕಬೇಕು, ಶುಲ್ಕವನ್ನೂ ಮತ್ತೆ ಕಟ್ಟಬೇಕು. ಆದರೆ ಗಡುವು ಮುಗಿದ ದಿನದಿಂದ ಗ್ರೀನ್ ಕಾರ್ಡ್ ಅರ್ಜಿ ಹಾಕುವವರೆಗೆ ಆಕೆ ಅಲ್ಲಿರುವುದು ಅಕ್ರಮ. ಅದು 180 ದಿನ ಮೀರಿದ ಮೇಲೆ ದೇಶ ಬಿಟ್ಟರೆ ಮೂರು ವರ್ಷ, ವರ್ಷ ತುಂಬಿದ್ದರೆ ಹತ್ತು ವರ್ಷ ವಾಪಸು ಹೋಗುವಂತಿಲ್ಲ. ಸಂಬಂಧವೇ ಮುರಿದು ಬೇರೊಬ್ಬ ಪೌರನನ್ನು ಮದುವೆಯಾದರೂ, ಅಲ್ಲೇ ಕೂತು ಗ್ರೀನ್ ಕಾರ್ಡ್ ಪಡೆಯಲಾಗದು, ಹೊರಟು ಬರಲೇಬೇಕು.

ಸಡಿಲ ಬಿಟ್ಟರೆ ಸುಳ್ಳು ಮದುವೆಗಳು ಹೆಚ್ಚುತ್ತವೆ ಎನ್ನುವವರಿದ್ದಾರೆ. ಆ ಭಯಕ್ಕೆ ಆಧಾರವಿಲ್ಲದಿಲ್ಲ. 1986ರ ಕಾನೂನು ಬಿಗಿಯಾದದ್ದೇ ಅದಕ್ಕೆ. ಆದರೆ ಮದುವೆ ನಿಜವೋ ಅಲ್ಲವೋ ಎಂಬ ಪರೀಕ್ಷೆ ನಡೆಯುವುದು ಆಮೇಲೆ: ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್, ಅದು ಮುಗಿಯುವಾಗ ಕೂಡಿ ಬಾಳಿದ್ದಕ್ಕೆ ಮತ್ತೆ ಪುರಾವೆ. ವಂಚಕನಿಗೆ ತೊಂಬತ್ತು ದಿನದಲ್ಲಿ ಸಹಿ ಹಾಕುವುದು ಕಷ್ಟವೇನಲ್ಲ. ಸಿಕ್ಕಿಬೀಳುವುದು ಮುಹೂರ್ತ ನೋಡುವವರೇ. ಬ್ರಿಟನ್ ಇದೇ ವೀಸಾಕ್ಕೆ ಆರು ತಿಂಗಳು ಕೊಡುತ್ತದೆ. ಮದುವೆ ತಪ್ಪಿದ್ದಕ್ಕೆ ಸರಿಯಾದ ಕಾರಣವಿದ್ದು, ಮುಂದಿನ ಆರು ತಿಂಗಳಲ್ಲಿ ಆಗುತ್ತದೆಂದು ತೋರಿಸಿದರೆ ಅವಧಿ ವಿಸ್ತರಿಸಲೂ ದಾರಿ ಇಟ್ಟಿದೆ. ಅಮೆರಿಕಕ್ಕೂ ಇಷ್ಟು ಸಾಕಿತ್ತು.

ಹಾಗಾದರೆ ಊರ ಛತ್ರದಲ್ಲೇ ಧಾರೆ ಮುಗಿಸಿ, ನೋಂದಣಿ ಮಾಡಿಸದೆ ಕಳಿಸಿದರಾಯಿತಲ್ಲ ಎಂಬ ಸಲಹೆಯೂ ಕೇಳಿಬರುತ್ತದೆ. ಇದು ಅಪಾಯದ ಮಾತು. ಹಿಂದೂ ವಿವಾಹ ಕಾಯಿದೆಯಲ್ಲಿ ಶಾಸ್ತ್ರೋಕ್ತ ಮದುವೆ ನೋಂದಣಿ ಇಲ್ಲದೆಯೂ ಊರ್ಜಿತ. ಮದುವೆಯಾದವಳಿಗೆ ಕೆ-1 ಇಲ್ಲ. ಮದುವೆಯಂತೆಯೇ ಕಾಣುವ ನಿಶ್ಚಿತಾರ್ಥದ ಫೋಟೋಗಳೂ ಸಂದರ್ಶನದಲ್ಲಿ ಪ್ರಶ್ನೆ ಎಬ್ಬಿಸಬಹುದು.

ಮುಹೂರ್ತ, ಬಂಧುಬಳಗ ಬಿಡಲಾಗದ ಮನೆಯವರು ಇಲ್ಲೇ ಮದುವೆ ಮಾಡಿ ಪತ್ನಿಯ ವೀಸಾಕ್ಕೆ ಹಾಕುವುದು ಮೇಲು. ಕೆ-1 ಹಿಡಿಯುವುದೇ ಆದರೆ, ಇಳಿದ ಮೊದಲ ವಾರಗಳಲ್ಲೇ ಅಲ್ಲಿನ ಕೌಂಟಿ ಕಚೇರಿಯಿಂದ ಲೈಸೆನ್ಸ್ ಪಡೆದು ಕಾನೂನಿನ ಮದುವೆ ಮುಗಿಸಿ, ಧಾರೆಯನ್ನು ಆಮೇಲೆ ಇಟ್ಟುಕೊಳ್ಳಿ. ಟೆಕ್ಸಾಸ್‌ನಂಥ ಕಡೆ ಲೈಸೆನ್ಸ್ ಸಿಕ್ಕ ಮೇಲೂ ಸಾಮಾನ್ಯವಾಗಿ 72 ಗಂಟೆ ಕಾಯಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.