ಹಲಗೆ ಎಳೆದರೆ ಸಿಲಿಂಡರ್ ಎತ್ತ ಹೋಗುತ್ತದೆ?

ಇಳಿಜಾರಿನ ಲೆಕ್ಕಗಳು ಸಾಕು, ಈ ವಾರ ಸಮತಟ್ಟಿಗೆ ಬರೋಣ. ನುಣುಪಾದ ನೆಲದ ಮೇಲೊಂದು ಹಲಗೆ, ರಾಶಿ M. ಅದರ ಮೇಲೆ ಅಡ್ಡಲಾಗಿ ಗಟ್ಟಿ ಸಿಲಿಂಡರ್, ರಾಶಿ m, ತ್ರಿಜ್ಯ R. ಹಲಗೆಯನ್ನು F ಬಲದಿಂದ ಎಳೆದಾಗ ಸಿಲಿಂಡರ್ ಜಾರದೆ ಉರುಳುತ್ತದೆ. ಇರೋಡೋವ್ ತಮ್ಮ ಪುಸ್ತಕದಲ್ಲಿ ಸಿಲಿಂಡರ್ ಬದಲು ಗೋಳ ಇಟ್ಟು ಇದನ್ನೇ ಕೇಳಿದ್ದಾರೆ.

ಸೂತ್ರ ಉರುಹೊಡೆಸುವ ಪಂಥದವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಉರುಳುವುದು ಎಂದ ಕೂಡಲೇ ಅವರ ಶಿಷ್ಯರು a = Rα ಎಂದು ಗೀಚಿಬಿಡುತ್ತಾರೆ. ಅದು ನಿಂತ ನೆಲಕ್ಕೆ ಸರಿ. ಇಲ್ಲಿ ಕಾಲಡಿಯೇ ಓಡುತ್ತಿದೆ. ಜಾರದಿರುವುದು ಎಂದರೆ ಸಿಲಿಂಡರಿನ ತಳವೂ ಹಲಗೆಯೂ ಒಂದೇ ಹೆಜ್ಜೆ ಹಾಕುವುದು, ಅಷ್ಟೇ. ಹಲಗೆಯ ವೇಗೋತ್ಕರ್ಷ A, ಸಿಲಿಂಡರಿನ ಕೇಂದ್ರದ್ದು a ಎಂದಾದರೆ, ತಳದ ಲೆಕ್ಕ a + Rα = A.

ಇನ್ನು ಘರ್ಷಣೆ f. ಅದು ಸಿಲಿಂಡರನ್ನು ಮುಂದಕ್ಕೆ ತಳ್ಳುತ್ತದೆ: f = ma. ಅದೇ ಘರ್ಷಣೆ ತಿರುಗಿಸುವುದೂ ಹೌದು: fR = ½mR²α. ಎರಡನ್ನೂ ಸೇರಿಸಿದರೆ Rα = 2a, ಹಾಗಾಗಿ a = A/3. ಹಲಗೆಗೆ F − f = MA. ಅಲ್ಲಿಂದ A = 3F/(3M + m), a = F/(3M + m).

M 2 ಕೆಜಿ, m 3 ಕೆಜಿ, F 18 ನ್ಯೂಟನ್ ಇರಲಿ. ಹಲಗೆಗೆ 6, ಸಿಲಿಂಡರಿಗೆ 2 ಮೀ/ಸೆ². ಹಲಗೆಯ ಮೇಲೆ ಕುಳಿತ ಇರುವೆಗೆ ಸಿಲಿಂಡರ್ ಹಿಂದಕ್ಕೆ ಓಡುತ್ತಿದೆ ಎನಿಸುತ್ತದೆ. ನೆಲದ ಮೇಲೆ ನಿಂತವರಿಗೆ ಅದು ಮುಂದಕ್ಕೇ ಬರುತ್ತಿದೆ. ಬೇಕಾದ ಘರ್ಷಣೆ 6 ನ್ಯೂಟನ್. ಘರ್ಷಣಾಂಕ ಸುಮಾರು 0.2ಕ್ಕಿಂತ ಕಡಿಮೆಯಿದ್ದರೆ ಸಿಲಿಂಡರ್ ಜಾರುತ್ತದೆ, ಆಗ ಮೂರನೇ ಒಂದರ ಈ ನಂಟೂ ಕಡಿಯುತ್ತದೆ.

ಘರ್ಷಣೆಯ ಮಿತಿಯ ಬಗ್ಗೆ ಇನ್ನಷ್ಟು ಬರೆಯಬೇಕೆಂದಿದ್ದೆ. ಅದಕ್ಕಿಂತ ಸೊಗಸಾದದ್ದೊಂದಿದೆ. ಹಲಗೆಯ ಬದಲು ಮೇಜಿನ ಮೇಲೆ ತೆಳ್ಳನೆಯ ಕಾಗದ ಇಟ್ಟು, ಅದನ್ನು ಸಿಲಿಂಡರಿನ ಅಡಿಯಿಂದ ಪೂರ್ತಿ ಎಳೆದುಬಿಟ್ಟರೆ? ಕಾಗದ ಬಿಟ್ಟ ಗಳಿಗೆಯಲ್ಲಿ ಸಿಲಿಂಡರ್ ಮುಂದಕ್ಕೆ ಸಾಗುತ್ತಿರುತ್ತದೆ, ಆದರೆ ಅದರ ಸುತ್ತು ಹಿಂದಕ್ಕೆ ಉರುಳುವಂಥದ್ದು. ಮೇಜಿನ ಘರ್ಷಣೆ ಈ ಜಗಳ ಬಿಡಿಸಿದ ಮೇಲೆ ಅದು ಎತ್ತ ಉರುಳುತ್ತದೆ?

ಎತ್ತಲೂ ಇಲ್ಲ. ಮೊದಲಿಂದ ಕೊನೆಯವರೆಗೆ ಘರ್ಷಣೆ ತಾಗಿದ್ದು ತಳದಲ್ಲಿ ಮಾತ್ರ. ಆದ್ದರಿಂದ ಮೇಜಿನ ಮಟ್ಟದ ಯಾವುದೇ ಬಿಂದುವಿನಿಂದ ಎಣಿಸಿದರೂ ಸಿಲಿಂಡರಿನ ಕೋನೀಯ ಸಂವೇಗ ಸೊನ್ನೆಯಲ್ಲಿ ಶುರುವಾಗಿ ಸೊನ್ನೆಯಲ್ಲೇ ಉಳಿಯುತ್ತದೆ. ನಿಂತ ಮೇಜಿನ ಮೇಲೆ ಜಾರದೆ ಉರುಳುವ ಸಿಲಿಂಡರಿಗೆ ಅದು ಸೊನ್ನೆ ಆಗಬೇಕಾದರೆ ಒಂದೇ ದಾರಿ: ಪೂರ್ತಿ ನಿಂತುಬಿಡುವುದು. ಕಾಗದವನ್ನು ಮೆಲ್ಲಗೆ ಎಳೆದರೂ, ಜಾರುವಷ್ಟು ರಭಸದಿಂದ ಎಳೆದರೂ ಫಲ ಅದೇ. ಟೊಳ್ಳು ಸಿಲಿಂಡರ್, ಗೋಳ, ಯಾವುದಾದರೂ ಆಗಬಹುದು. ದಪ್ಪ ಹಲಗೆ ಮಾತ್ರ ಬೇಡ: ಅಂಚಿನಿಂದ ಇಳಿಯುವಾಗ ತಳಕ್ಕಲ್ಲ, ಪಕ್ಕಕ್ಕೆ ತಳ್ಳು ಬೀಳುತ್ತದೆ, ಲೆಕ್ಕ ಕೆಡುತ್ತದೆ.