ವಿಷಯ: ಮಾಹಿತಿ ಕೋರಿ

ಚಿತ್ರಕಲಾ ಸ್ಪರ್ಧೆಯ ಫಲಿತಾಂಶದ ಮಾರನೆಯ ದಿನ ಮುಖ್ಯೋಪಾಧ್ಯಾಯರ ಮೇಜಿಗೆ ಬರುವ ಪೋಷಕರ ಪತ್ರ ಒಂದು ಸೂಕ್ಷ್ಮ ಪ್ರಕಾರ. ಅದನ್ನು ಸವಿಯಲು ಬಯಸುವವರು 'ಇಂದ', 'ಗೆ', 'ಮಾನ್ಯರೇ' ದಾಟಿ ನೇರವಾಗಿ 'ವಿಷಯ' ಎಂಬ ಸಾಲಿಗೆ ಬರಬೇಕು. 'ಸ್ಪರ್ಧೆಯಲ್ಲಾದ ಅನ್ಯಾಯದ ಬಗ್ಗೆ' ಎಂದಿದ್ದರೆ ಅದು ದೂರು, ಪಕ್ಕಕ್ಕಿಡಿ. 'ಮೌಲ್ಯಮಾಪನದ ವಿಧಾನ ಕುರಿತು ಮಾಹಿತಿ ಕೋರಿ' ಎಂದಿದ್ದರೆ ಮುಂದೆ ಓದಬಹುದು.

ಪತ್ರದ ಜೀವಾಳ ಅದು ಕೇಳುವ ಪ್ರಶ್ನೆ. 'ನನ್ನ ಮಗಳಿಗೆ ಏಕೆ ಬಹುಮಾನ ಬರಲಿಲ್ಲ?' ಎಂದರೆ ಶಾಲೆಯವರು ಸಮಾಧಾನ ಹೇಳಿಯಾರು, ಅಷ್ಟೇ. ನುರಿತ ಕೈ ಬರೆಯುವುದು ಬೇರೆ: ವಿಷಯಕ್ಕೆ ಹೊಂದಿಕೆ, ಸಂಯೋಜನೆ, ಬಣ್ಣ, ಸ್ವಂತಿಕೆ ಇವುಗಳಲ್ಲಿ ಯಾವುದಕ್ಕೆ ಎಷ್ಟು ಅಂಕವಿತ್ತು? ತೀರ್ಪುಗಾರರು ಕೊಟ್ಟದ್ದನ್ನು ಒಟ್ಟುಗೂಡಿಸಿದ್ದು ಹೇಗೆ?

ಈ ಎರಡನೆಯ ಪ್ರಶ್ನೆ ಸಪ್ಪೆಯಾಗಿ ಕಂಡೀತು, ಆದರೆ ರಸವಿರುವುದು ಅಲ್ಲೇ. 'ಊರ ಜಾತ್ರೆ' ಎಂಬ ವಿಷಯಕ್ಕೆ ಇಬ್ಬರು ಮಕ್ಕಳು ಬರೆದರು ಎನ್ನಿ. ಒಬ್ಬಳದು ತೇರು, ಇನ್ನೊಬ್ಬನದು ಬಳೆ ಅಂಗಡಿ. ಹತ್ತು ಅಂಕಕ್ಕೆ ಮೂವರು ತೀರ್ಪುಗಾರರು ತೇರಿಗೆ ಕೊಟ್ಟದ್ದು 9, 9, 4. ಬಳೆ ಅಂಗಡಿಗೆ 8, 8, 8. ಅಂಕ ಕೂಡಿದರೆ ತೇರಿಗೆ 22, ಅಂಗಡಿಗೆ 24, ಅಂಗಡಿ ಮೊದಲು. ಆದರೆ ಪ್ರತಿ ತೀರ್ಪುಗಾರರು ಕೊಟ್ಟ ಸ್ಥಾನವನ್ನು ಕೂಡಿ, ಮೊತ್ತ ಕಡಿಮೆಯಿದ್ದವರು ಮುಂದೆ ಎಂದಿಟ್ಟರೆ? ತೇರಿಗೆ 1, 1, 2 ಸೇರಿ 4. ಅಂಗಡಿಗೆ 2, 2, 1 ಸೇರಿ 5. ಈಗ ತೇರೇ ಮೊದಲು! ಚಿತ್ರವೂ ಬದಲಾಗಿಲ್ಲ, ತೀರ್ಪುಗಾರರೂ ಬದಲಾಗಿಲ್ಲ. ಯಾರೂ ಪಕ್ಷಪಾತ ಮಾಡಬೇಕಾಗಿಯೂ ಇಲ್ಲ. ಆ ಒಂಟಿ 4 ಹೇಗೆ ಬಂತು? ಚಿತ್ರ ಕ್ಯಾಲೆಂಡರಿನ ನಕಲು ಎಂದು ಮೂರನೆಯವರಿಗೆ ಅನಿಸಿ, ಸ್ವಂತಿಕೆಯ ಅಂಕ ಕಳೆದಿರಬಹುದು. ಮಾನದಂಡ ಮೊದಲೇ ಲಿಖಿತವಾಗಿದ್ದರೆ ಅದಕ್ಕೂ ಉತ್ತರ ಸಿಗುತ್ತದೆ.

ವಿನಯವನ್ನು 'ದಯವಿಟ್ಟು'ಗಳನ್ನು ಎಣಿಸಿ ಅಳೆಯಬೇಡಿ. ಪತ್ರ ಏನನ್ನು ಕೇಳದೆ ಬಿಟ್ಟಿದೆ ನೋಡಿ. ಬಹುಮಾನ ಪಡೆದ ಮಗುವಿನ ಹೆಸರಿಲ್ಲ, ಅದರ ಅಂಕ ಕೇಳಿಲ್ಲ, 'ಮನೆಯಲ್ಲಿ ದೊಡ್ಡವರು ಬರೆದುಕೊಟ್ಟಿದ್ದಾರೆ' ಎಂಬ ಗುಸುಗುಸು ಇಲ್ಲ. ತನ್ನ ಮಗುವಿನ ಅಂಕಪಟ್ಟಿ ಮತ್ತು ಎಲ್ಲರಿಗೂ ಅನ್ವಯವಾದ ನಿಯಮ, ಇಷ್ಟೇ ಬೇಡಿಕೆ. ತೀರ್ಪು ಬದಲಿಸಿ ಎಂಬ ಮಾತೂ ಇರುವುದಿಲ್ಲ.

ಕೊನೆಯ ಸಾಲಲ್ಲಿ ಹಲವರು ಎಡವುತ್ತಾರೆ. ಸರ್ಕಾರಿ ಶಾಲೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಹಕ್ಕೇನೋ ನಿಜ. ಆದರೆ ಮೊದಲ ಪತ್ರದ ಬುಡದಲ್ಲೇ ಅದನ್ನು ನೆನಪಿಸಿದರೆ ವಿನಂತಿ ನೋಟಿಸಾಗುತ್ತದೆ. ಹಾಗೆ ಮುಗಿಯುವ ಪತ್ರ, ಅದರ ಪ್ರಶ್ನೆಗಳು ಎಷ್ಟೇ ಚೂಪಾಗಿರಲಿ, ಎರಡನೆಯ ದರ್ಜೆಯದು.