ಸಣ್ಣ ತುದಿ ಯಾವ ಕಡೆಗೆ?

ಡ್ರಾಯಿಂಗ್ ಹಾಳೆಯ ಬಲ ಕೆಳಮೂಲೆಯ ಟೈಟಲ್ ಬ್ಲಾಕಿನಲ್ಲಿ, ಸ್ಕೇಲು, ಮೆಟೀರಿಯಲ್ ಬರೆಯುವ ಮನೆಗಳ ಆಸುಪಾಸಿನಲ್ಲಿ, ಒಂದು ಪುಟ್ಟ ತ್ರಾಪಿಜ್ಯವೂ ಅದರ ಪಕ್ಕಕ್ಕೆ ಒಂದರೊಳಗೊಂದು ಎರಡು ವೃತ್ತಗಳೂ ಇರುತ್ತವೆ. ಇದು ಪ್ರೊಜೆಕ್ಷನ್ ಸಂಕೇತ. ಹಾಳೆಯ ಮೇಲಿನ ನೋಟಗಳನ್ನು ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ಜೋಡಿಸಲಾಗಿದೆಯೋ ಥರ್ಡ್ ಆ್ಯಂಗಲ್‌ನಲ್ಲೋ ಎಂಬುದನ್ನು ಅದು ಹೇಳುತ್ತದೆ. ಆದರೆ ಇದು ಬರಿಯ ಮುದ್ರೆಯಲ್ಲ. ತನ್ನಷ್ಟಕ್ಕೆ ತಾನೇ ಒಂದು ಪೂರ್ಣ ಡ್ರಾಯಿಂಗ್. ಗಣಿತದಲ್ಲಿ ಬರುವ ಶಂಕುವಿನ ಭಿನ್ನಕ, ಅಂದರೆ ತುದಿ ಕತ್ತರಿಸಿದ ಶಂಕು, ಇಲ್ಲಿ ಅಡ್ಡಲಾಗಿ ಮಲಗಿದೆ. ತ್ರಾಪಿಜ್ಯ ಅದರ ಫ್ರಂಟ್ ವ್ಯೂ, ವೃತ್ತಗಳು ಸೈಡ್ ವ್ಯೂ. ಈ ಶಂಕುವಿನ ನೋಟಗಳನ್ನು ಹೇಗೆ ಇಡಲಾಗಿದೆಯೋ ಮೇಲಿನ ಬಿಡಿಭಾಗದ ನೋಟಗಳನ್ನೂ ಹಾಗೆಯೇ ಇಡಲಾಗಿದೆ ಎಂಬುದು ಸಂಕೇತದ ಅರ್ಥ.

ಸಂಕೇತವನ್ನು ಹೀಗೆ ಡ್ರಾಯಿಂಗ್ ಎಂದು ಓದಿದರೆ ಬಾಯಿಪಾಠದ ಅಗತ್ಯ ಬೀಳುವುದಿಲ್ಲ. ಎರಡೂ ವೃತ್ತಗಳು ಪೂರ್ತಿ ಗೆರೆಯಲ್ಲಿವೆ, ಒಂದೂ ತುಂಡುಗೆರೆಯಲ್ಲಿಲ್ಲ. ಶಂಕುವನ್ನು ದೊಡ್ಡ ತುದಿಯ ಕಡೆಯಿಂದ ನೋಡಿದರೆ ಸಣ್ಣ ತುದಿ ಮರೆಯಾಗಿ, ಒಳವೃತ್ತ ತುಂಡುಗೆರೆಯಲ್ಲಿ ಬರಬೇಕಿತ್ತು. ಹಾಗೆ ಬಂದಿಲ್ಲವೆಂದರೆ ನೋಡಿದ್ದು ಸಣ್ಣ ತುದಿಯ ಕಡೆಯಿಂದಲೇ. ಇನ್ನು ಉಳಿಯುವುದು ಒಂದೇ ಪ್ರಶ್ನೆ: ಹಾಗೆ ಕಂಡದ್ದನ್ನು ಯಾವ ಕಡೆ ಇಡಲಾಗಿದೆ? ವೃತ್ತಗಳು ತ್ರಾಪಿಜ್ಯದ ಸಣ್ಣ ತುದಿಯ ಪಕ್ಕದಲ್ಲಿದ್ದರೆ, ನೋಡಿದ ಕಡೆಯಲ್ಲೇ ನೋಟವನ್ನು ಇಟ್ಟಂತಾಯಿತು. ಅದು ಥರ್ಡ್ ಆ್ಯಂಗಲ್. ದೊಡ್ಡ ತುದಿಯ ಪಕ್ಕದಲ್ಲಿದ್ದರೆ, ಒಂದು ಕಡೆಯಿಂದ ನೋಡಿದ್ದನ್ನು ಎದುರು ಕಡೆ ಇಟ್ಟಂತಾಯಿತು. ಅದು ಫಸ್ಟ್ ಆ್ಯಂಗಲ್.

ತರಗತಿಗಳಲ್ಲಿ ಇದರ ಬದಲು ಇನ್ನೊಂದು ಸೂತ್ರ ಬಹುಕಾಲದಿಂದ ಓಡಾಡುತ್ತಿದೆ: ವೃತ್ತಗಳು ಬಲಕ್ಕಿದ್ದರೆ ಫಸ್ಟ್, ಎಡಕ್ಕಿದ್ದರೆ ಥರ್ಡ್. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇದು ಸಾಕಾಗುತ್ತದೆ. ಮೆಷಿನ್ನಿನ ಮುಂದೆ ಸಾಕಾಗದು. ಶಂಕುವಿನ ಸಣ್ಣ ತುದಿ ಎಡಕ್ಕೇ ಇರಬೇಕು ಎಂಬ ಊಹೆಯ ಮೇಲೆ ಈ ಸೂತ್ರ ನಿಂತಿದೆ. ತ್ರಾಪಿಜ್ಯ ಎಡಕ್ಕೆ, ಅದರ ಸಣ್ಣ ತುದಿ ಬಲಕ್ಕೆ, ಅದರ ಪಕ್ಕದಲ್ಲಿ ವೃತ್ತಗಳು, ಹೀಗೆ ಬರೆದ ಹಾಳೆಗಳೂ ಕೈಗೆ ಬರುತ್ತವೆ. ಅಲ್ಲಿ ವೃತ್ತಗಳು ಬಲಕ್ಕಿವೆ, ಆದರೂ ಅದು ನಿಸ್ಸಂದೇಹವಾಗಿ ಥರ್ಡ್ ಆ್ಯಂಗಲ್. ಎಡ ಬಲಗಳನ್ನು ನೆನಪಿಟ್ಟವರು ಇಲ್ಲಿ ಎಡವುತ್ತಾರೆ. ಸಣ್ಣ ತುದಿ ಯಾವ ಕಡೆಗಿದೆ ಎಂದು ನೋಡುವವರು, ಸಂಕೇತವನ್ನು ಹೇಗೆ ತಿರುಗಿಸಿ ಬರೆದಿದ್ದರೂ ಎಡವುವುದಿಲ್ಲ. ಎಡ ಬಲದ ಸೂತ್ರವನ್ನು ಕಲಿಸುವುದನ್ನೇ ನಿಲ್ಲಿಸುವುದು ಒಳ್ಳೆಯದು.

ಎರಡು ಪದ್ಧತಿಗಳು ಹುಟ್ಟಿದ್ದಕ್ಕೆ ಕಾರಣ ರೇಖಾಗಣಿತದಲ್ಲೇ ಇದೆ. ಫ್ರಾನ್ಸಿನ ಗಾಸ್ಪಾರ್ ಮೋಂಜ್ 1795ರಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್‌ನಲ್ಲಿ ಬೋಧಿಸಿದ ವಿವರಣಾತ್ಮಕ ಜ್ಯಾಮಿತಿಯಲ್ಲಿ, ನಿಂತ ಸಮತಲವೊಂದು ಮಲಗಿದ ಸಮತಲವೊಂದನ್ನು ಛೇದಿಸುತ್ತದೆ. ಸುತ್ತಲಿನ ಜಾಗ ನಾಲ್ಕು ಪಾಲಾಗುತ್ತದೆ. ವಸ್ತುವನ್ನು ಮೊದಲ ಪಾಲಿನಲ್ಲಿಟ್ಟರೆ ಕಣ್ಣಿಗೂ ಸಮತಲಕ್ಕೂ ನಡುವೆ ವಸ್ತು ಇರುತ್ತದೆ, ನೋಟ ಅದರ ಹಿಂದೆ ಬೀಳುತ್ತದೆ. ಮೂರನೆಯ ಪಾಲಿನಲ್ಲಿಟ್ಟರೆ ಕಣ್ಣಿಗೂ ವಸ್ತುವಿಗೂ ನಡುವೆ ಸಮತಲ ಇರುತ್ತದೆ, ನೋಟ ಗಾಜಿನ ಮೇಲೆ ಬರೆದಂತೆ ಎದುರಿಗೇ ನಿಲ್ಲುತ್ತದೆ. ಎರಡನೆಯ ಮತ್ತು ನಾಲ್ಕನೆಯ ಪಾಲುಗಳಲ್ಲಿ ಸಮತಲಗಳನ್ನು ಮಡಿಸಿದಾಗ ನೋಟಗಳು ಒಂದರ ಮೇಲೊಂದು ಬೀಳುವುದರಿಂದ ಅವು ಬಳಕೆಗೆ ಬರಲಿಲ್ಲ. ಯುರೋಪು ಹೆಚ್ಚಾಗಿ ಮೊದಲನೆಯದನ್ನೇ ಉಳಿಸಿಕೊಂಡಿತು. ಅಮೆರಿಕ ಮೂರನೆಯದಕ್ಕೆ ಬದಲಾಯಿಸಿಕೊಂಡಿತು. ಜಪಾನೂ ಮೂರನೆಯದನ್ನೇ ಬಳಸುತ್ತದೆ. ಭಾರತದಲ್ಲಿ ಶಾಲಾ ಕಾಲೇಜುಗಳಿಗಾಗಿ ಮಾನಕ ಬ್ಯೂರೋ ತಂದ ಎಸ್‌ಪಿ 46 ಕೈಪಿಡಿ ಫಸ್ಟ್ ಆ್ಯಂಗಲ್ ಅನ್ನು ಅನುಸರಿಸುತ್ತದೆ. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿ ಮೊದಲ ವರ್ಷ ಕಲಿಯುವುದೂ ಅದನ್ನೇ. ಅದೇ ವಿದ್ಯಾರ್ಥಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದರೆ, ಜರ್ಮನಿಯ ಗಿರಾಕಿಯ ಹಾಳೆ ಒಂದು ಪದ್ಧತಿಯಲ್ಲಿ, ಅಮೆರಿಕದ ಗಿರಾಕಿಯ ಹಾಳೆ ಇನ್ನೊಂದು ಪದ್ಧತಿಯಲ್ಲಿ ಬರಬಹುದು.

ತಪ್ಪಿ ಓದಿದರೆ ಏನಾಗುತ್ತದೆ ಎಂಬುದನ್ನು ಒಂದು ಬ್ರಾಕೆಟ್ಟಿನಲ್ಲಿ ನೋಡಬಹುದು. ಅಡಿಯ ಪಟ್ಟಿ 100 ಮಿ.ಮೀ. ಉದ್ದ, 60 ಅಗಲ, 12 ದಪ್ಪ. ಅದರ ಎಡತುದಿಯಲ್ಲಿ 12 ಮಿ.ಮೀ. ದಪ್ಪದ ಗೋಡೆ ನಿಂತಿದೆ; ತಳದಿಂದ ಅದರ ಒಟ್ಟು ಎತ್ತರ 60. ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರ. ಗೋಡೆಯಲ್ಲಿ ಆರಪಾರ ಹೋಗುವ ಒಂದೇ ತೂತು, ಬ್ರಾಕೆಟ್ಟಿನ ಮುಂದಿನ ಅಂಚಿನಿಂದ 20 ಮಿ.ಮೀ. ಒಳಗೆ. ಹಾಳೆ ಫಸ್ಟ್ ಆ್ಯಂಗಲ್‌ನದು. ಹಾಗಾಗಿ ಫ್ರಂಟ್ ವ್ಯೂದ ಬಲಕ್ಕೆ ಇರುವುದು ಎಡಗಡೆಯಿಂದ ಕಂಡ ನೋಟ. ಎಡಗಡೆ ನಿಂತು ನೋಡುವವರಿಗೆ ಬ್ರಾಕೆಟ್ಟಿನ ಮುಂಭಾಗ ಬಲಗೈಯ ಕಡೆ ಬರುತ್ತದೆ. ಆದ್ದರಿಂದ ಸೈಡ್ ವ್ಯೂದ 60ಕ್ಕೆ 60ರ ಚೌಕದಲ್ಲಿ ತೂತು ಬಲ ಅಂಚಿನಿಂದ 20 ಮಿ.ಮೀ. ದೂರದಲ್ಲಿ ಕಾಣುತ್ತದೆ.

ಇದನ್ನೇ ಥರ್ಡ್ ಆ್ಯಂಗಲ್ ಎಂದುಕೊಂಡವರು ಬಲಕ್ಕಿರುವ ನೋಟವನ್ನು ಬಲಗಡೆಯಿಂದ ಕಂಡದ್ದೆಂದು ತಿಳಿಯುತ್ತಾರೆ. ಬಲಗಡೆಯಿಂದ ನೋಡಿದಾಗ ಮುಂಭಾಗ ಎಡಗೈಯ ಕಡೆ ಬರುತ್ತದೆ. ಅವರ ಲೆಕ್ಕದಲ್ಲಿ ತೂತು ಮುಂದಿನ ಅಂಚಿನಿಂದ 40 ಮಿ.ಮೀ. ದೂರ ಹೋಯಿತು. ಫ್ರಂಟ್ ವ್ಯೂದ ಕೆಳಗಿರುವ ಟಾಪ್ ವ್ಯೂವನ್ನೂ ಅವರು ತಳದಿಂದ ಕಂಡ ನೋಟವೆಂದೇ ಓದುತ್ತಾರೆ. ಅಲ್ಲಿಯೂ ಮುಂದು ಹಿಂದು ಅದಲುಬದಲಾಗುತ್ತದೆ. ಎರಡೂ ನೋಟಗಳು ಒಂದೇ ರೀತಿಯಲ್ಲಿ ತಿರುಗಿಕೊಳ್ಳುವುದರಿಂದ ಒಂದರ ಅಳತೆಯನ್ನು ಇನ್ನೊಂದರ ಜೊತೆ ಎಷ್ಟು ತಾಳೆ ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ತಯಾರಾದ ಬ್ರಾಕೆಟ್ಟಿನ ಪ್ರತಿ ಅಳತೆಯೂ ಸರಿಯಿರುತ್ತದೆ, ಬ್ರಾಕೆಟ್ ಮಾತ್ರ ಕನ್ನಡಿಯೊಳಗಿನದು. ಆರಪಾರ ತೂತುಗಳಷ್ಟೇ ಇರುವ ಚಪ್ಪಟೆ ಪ್ಲೇಟಾಗಿದ್ದರೆ ಮಗುಚಿ ಹಾಕಿ ಬಳಸಬಹುದಿತ್ತು. ಈ ಎಲ್ ಬ್ರಾಕೆಟ್ಟನ್ನು ಹೇಗೆ ತಿರುಗಿಸಿದರೂ ತೂತು ತನ್ನ ಜಾಗಕ್ಕೆ ಬರುವುದಿಲ್ಲ. ಲೇತಿನಲ್ಲಿ ತಿರುವಿದ ಶಾಫ್ಟು, ಬುಷ್‌ಗಳಂಥ ದುಂಡು ಕೆಲಸಗಳಲ್ಲಿ ಈ ತಪ್ಪು ಸಾಮಾನ್ಯವಾಗಿ ನಷ್ಟ ಮಾಡುವುದಿಲ್ಲ. ಅಂಥ ಕೆಲಸವನ್ನೇ ವರ್ಷಗಟ್ಟಲೆ ಮಾಡಿದವರಲ್ಲಿ ಸಂಕೇತ ನೋಡುವ ಅಭ್ಯಾಸ ತಪ್ಪಿಹೋಗುವುದೂ ಇದರಿಂದಲೇ.

ಅಳತೆಗಳು ಮೌನವಾಗಿರುವ ಈ ಜಾಗದಲ್ಲಿ ಮಾತನಾಡುವುದು ತುಂಡುಗೆರೆ. ಸಂಕೇತಕ್ಕಿಂತಲೂ ಹೆಚ್ಚು ನಂಬಬೇಕಾದ ಸಾಕ್ಷಿ ಅದು. ಅದೇ ಬ್ರಾಕೆಟ್ಟಿನ ಸೈಡ್ ವ್ಯೂವನ್ನು ಮತ್ತೆ ನೋಡಬೇಕು. ಎಡಗಡೆಯಿಂದ ನೋಡಿದರೆ ಗೋಡೆಯೇ ಅಡ್ಡ ನಿಂತು ಅಡಿಪಟ್ಟಿಯನ್ನು ಪೂರ್ತಿ ಮರೆಮಾಡುತ್ತದೆ. ಹಾಗಾಗಿ ತಳದಿಂದ 12 ಮಿ.ಮೀ. ಎತ್ತರದಲ್ಲಿ ಪಟ್ಟಿಯ ಮೇಲ್ಮೈಯನ್ನು ತೋರಿಸುವ ಅಡ್ಡಗೆರೆ ತುಂಡಾಗಿರಬೇಕು. ಬಲಗಡೆಯಿಂದ ನೋಡಿದರೆ ಪಟ್ಟಿಯ ತುದಿ ಎದುರಿಗೇ ಇರುತ್ತದೆ, ಅದೇ ಗೆರೆ ಪೂರ್ತಿಯಾಗಿರಬೇಕು. ಹಾಳೆಯಲ್ಲಿ ಅದು ತುಂಡುಗೆರೆಯಾಗಿದ್ದರೆ ನೋಟ ಎಡಗಡೆಯದು, ಇಟ್ಟಿರುವುದು ಬಲಕ್ಕೆ, ಅಲ್ಲಿಗೆ ಫಸ್ಟ್ ಆ್ಯಂಗಲ್ ಎಂಬುದು ಸಂಕೇತವಿಲ್ಲದೆಯೇ ಸಾಬೀತಾಯಿತು. ಕೆಲವರು ಹಾಳೆ ಕಿಕ್ಕಿರಿಯದಿರಲೆಂದು ತುಂಡುಗೆರೆಗಳನ್ನು ಬಿಟ್ಟುಬಿಡುತ್ತಾರೆ. ಆಗಲೂ ಸಾಕ್ಷಿ ಅಳಿಯುವುದಿಲ್ಲ. ಕಾಣುವ ಅಂಚನ್ನು ಯಾರೂ ಬಿಡುವುದಿಲ್ಲವಾದ್ದರಿಂದ, ಗೆರೆಯೇ ಇಲ್ಲದಿರುವುದೂ ಎಡಗಡೆಯ ನೋಟವನ್ನೇ ಹೇಳುತ್ತದೆ. ತೂತು ಮಾತ್ರ ಇಲ್ಲಿ ಉಪಯೋಗಕ್ಕೆ ಬಾರದು. ಆರಪಾರ ಹೋದ ತೂತು ಎರಡೂ ಕಡೆಯಿಂದ ಪೂರ್ತಿ ವೃತ್ತವಾಗಿಯೇ ಕಾಣುತ್ತದೆ. ಬಿಡಿಭಾಗದ ಒಂದೇ ಪಕ್ಕದಲ್ಲಿರುವ ಗೋಡೆ, ಮೆಟ್ಟಿಲು, ತೋಡು ಇಂಥದ್ದನ್ನು ಹುಡುಕಿ ಅದರ ಗೆರೆಯನ್ನು ಪರೀಕ್ಷಿಸಬೇಕು.

ನೋಟಗಳ ಜೋಡಣೆಯನ್ನು ಕಲ್ಪಿಸಿಕೊಳ್ಳಲು ಕಷ್ಟವಾಗುವ ಹೊಸಬರಿಗೆ ಬೆಂಕಿಪೊಟ್ಟಣ ಸಾಕು. ಪೊಟ್ಟಣದ ಅಗಲ ಮುಖ ಮೇಲೆ ಕಾಣುವಂತೆ ಮೇಜಿನ ಮೇಲಿಟ್ಟು, ಅದನ್ನೇ ಫ್ರಂಟ್ ವ್ಯೂ ಎಂದುಕೊಂಡು ಬಲಕ್ಕೆ ಒಂದು ಮಗ್ಗುಲು ಉರುಳಿಸಿದರೆ ಎಡಮುಖ ಮೇಲೆ ಬರುತ್ತದೆ. ಬಲಕ್ಕೆ ಹೋದಾಗ ಎಡಮುಖ ಕಂಡದ್ದು ಫಸ್ಟ್ ಆ್ಯಂಗಲ್ ಜೋಡಣೆ. ಥರ್ಡ್ ಆ್ಯಂಗಲ್‌ನಲ್ಲಿ ಬಲಕ್ಕೆ ಬಲಮುಖವೇ ಬರುತ್ತದೆ, ಮೇಲಕ್ಕೆ ಮೇಲ್ಮುಖವೇ ಬರುತ್ತದೆ. ಇದರಿಂದ ಹುಟ್ಟುವ ಇನ್ನೊಂದು ಗುರುತೂ ಕೆಲಸಕ್ಕೆ ಬರುತ್ತದೆ: ಫ್ರಂಟ್ ವ್ಯೂದ ನಾಲ್ಕೂ ಬದಿಯ ನೋಟಗಳಲ್ಲಿ, ಅದಕ್ಕೆ ಹತ್ತಿರವಿರುವ ಅಂಚು ಥರ್ಡ್ ಆ್ಯಂಗಲ್‌ನಲ್ಲಿ ವಸ್ತುವಿನ ಮುಂಭಾಗ, ಫಸ್ಟ್ ಆ್ಯಂಗಲ್‌ನಲ್ಲಿ ಹಿಂಭಾಗ.

ಸಂಕೇತವನ್ನು ಮಾತ್ರ ನಂಬಿದರೆ ಸಾಲದು ಎನ್ನುವುದಕ್ಕೆ ಕಾರಣ ಇಂದಿನ ಡ್ರಾಯಿಂಗ್ ತಯಾರಾಗುವ ರೀತಿಯಲ್ಲೇ ಇದೆ. ಸಂಕೇತ ಟೆಂಪ್ಲೇಟಿನ ಭಾಗವಾಗಿ ಬರುತ್ತದೆ. ನೋಟಗಳನ್ನು ಜೋಡಿಸುವುದು ಸಾಫ್ಟ್‌ವೇರಿನ ಬೇರೆಯದೇ ಸೆಟ್ಟಿಂಗ್. ಟೈಟಲ್ ಬ್ಲಾಕಿನ ಚಿತ್ರ ಬದಲಾಯಿಸಿದ ಮಾತ್ರಕ್ಕೆ ನೋಟಗಳು ಜಾಗ ಬದಲಿಸುವುದಿಲ್ಲ. ಹಳೆಯ ಗಿರಾಕಿಯ ಟೆಂಪ್ಲೇಟನ್ನು ಹೊಸ ಗಿರಾಕಿಗೆ ಬಳಸಿದಾಗ ಒಂದು ಹೇಳುವ, ಇನ್ನೊಂದು ತೋರಿಸುವ ಹಾಳೆ ಹೊರಬೀಳುತ್ತದೆ. ಬಾಣದ ಗುರುತಿನೊಡನೆ ಎ, ಬಿ ಎಂದು ಹೆಸರಿಟ್ಟ ನೋಟಗಳದ್ದು ಬೇರೆ ಮಾತು. ಅಲ್ಲಿ ಬಾಣ ಹೇಳಿದ ದಿಕ್ಕೇ ಅಂತಿಮ, ಆ ನೋಟವನ್ನು ಹಾಳೆಯಲ್ಲಿ ಎಲ್ಲಿಟ್ಟರೂ ಸರಿ. ಒಂದೇ ಪಕ್ಕದ ವಿಶೇಷಗಳಿರುವ ಬಿಡಿಭಾಗಕ್ಕೆ ಇಂಥ ಬಾಣ ಹಾಕಿಕೊಡುವುದು ಡ್ರಾಯಿಂಗ್ ಬರೆಯುವವರು ಮಾಡಬಹುದಾದ ದೊಡ್ಡ ಉಪಕಾರ.

ಹಾಗಾಗಿ ಓದುವ ಕ್ರಮ ಹೀಗಿರಬೇಕು. ಮೊದಲು ಸಂಕೇತದಲ್ಲಿ ಸಣ್ಣ ತುದಿ ಯಾವ ಕಡೆಗಿದೆ ಎಂದು ನೋಡುವುದು. ಆಮೇಲೆ ಬಿಡಿಭಾಗದಲ್ಲಿ ಒಂದೇ ಪಕ್ಕಕ್ಕಿರುವ ಅಂಚನ್ನು ಆರಿಸಿ, ಅದರ ಗೆರೆ ಸಂಕೇತದ ಮಾತಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು. ಎರಡೂ ಹೊಂದಿದರೆ ಮಾರ್ಕಿಂಗ್ ಶುರುಮಾಡಬಹುದು. ಹೊಂದದಿದ್ದರೆ ಯಾವುದೋ ಒಂದನ್ನು ಸರಿಯೆಂದು ಊಹಿಸಿ ಲೋಹಕ್ಕೆ ಟೂಲ್ ತಾಗಿಸಬಾರದು. ಡ್ರಾಯಿಂಗ್ ಕಳಿಸಿದವರನ್ನೇ ಕೇಳಬೇಕು, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು, ತಿದ್ದಿದ ಹಾಳೆ ಬರುವವರೆಗೆ ಜಾಬ್ ಪಕ್ಕಕ್ಕಿಡಬೇಕು.